ಟಿಕೆಟ್ ಸಂಖ್ಯೆಯ ಸಾಲಿನಲ್ಲಲ್ಲ, ಕಬ್ಬಿನ ಗಾಡಿಯ ದಾರಿಯಲ್ಲಿ: ಸ್ಪ್ರಿಂಟ್ ರಿವ್ಯೂ ಡೆಮೊಗೆ ನಾನು ಸ್ಕ್ರಿಪ್ಟ್ ಬರೆಯುವ ಬಗೆ

ಬೆಳಗಾವಿಯ ನಮ್ಮ ಚಿಕ್ಕ ತಂಡ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ತಂತ್ರಾಂಶ ಮಾಡುತ್ತದೆ. ಕಬ್ಬಿನ ತೂಕ, ತೂಕದ ಚೀಟಿ, ರೈತರ ಬಿಲ್ಲು, ಎಲ್ಲವೂ ಅದರಲ್ಲೇ. ನಮ್ಮ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಎರಡು ವಾರದ್ದು. ಅದರ ಕೊನೆಗೆ ನಡೆಯುವ ಸ್ಪ್ರಿಂಟ್ ರಿವ್ಯೂ ಸಭೆಯಲ್ಲಿ ಮುಗಿದ ಕೆಲಸವನ್ನು ಕಾರ್ಖಾನೆಯವರಿಗೆ ತೋರಿಸುವ ಹೊಣೆ ನನ್ನದು. ನೋಡಲು ಕೂರುವವರು ಕಬ್ಬು ವಿಭಾಗದ ಮುಖ್ಯಸ್ಥರಾದ ಸಾಹೇಬರು, ಲೆಕ್ಕಪತ್ರ ನೋಡುವ ಮೇಡಂ ಮತ್ತು ಗಾಡಿ ತೂಗುವ ಕಾಟಾದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ, ನಾವೆಲ್ಲ ಕಾಕಾ ಎಂದು ಕರೆಯುವ ಗುಮಾಸ್ತರು.

ಮಾಡಬೇಕಾದ ಒಂದೊಂದು ಕೆಲಸಕ್ಕೂ ನಮ್ಮ ಬೋರ್ಡಿನಲ್ಲಿ ಒಂದು ಟಿಕೆಟ್ ಇರುತ್ತದೆ, ಆದರೆ ಈ ಮೂವರಲ್ಲಿ ಯಾರಿಗೂ ಟಿಕೆಟ್ ಸಂಖ್ಯೆಯ ಗೊಡವೆ ಇಲ್ಲ. ಅವರು ಬಲ್ಲದ್ದು ಗಾಡಿ ಸಾಗುವ ದಾರಿ. ಗೇಟಿನಲ್ಲಿ ಸರದಿ, ಕಾಟಾದ ಮೇಲೆ ತುಂಬಿದ ತೂಕ, ಯಾರ್ಡಿನಲ್ಲಿ ಕಬ್ಬು ಇಳಿಸುವುದು, ಮತ್ತೆ ಕಾಟಾಕ್ಕೆ ಬಂದು ಖಾಲಿ ಗಾಡಿಯ ತೂಕ, ಚೀಟಿ, ಕೊನೆಗೆ ಬಿಲ್ಲು. ಹಾಗಾಗಿ ಸ್ಕ್ರಿಪ್ಟ್ ಬರೆಯಲು ಕುಳಿತಾಗ ಮೊದಲು ಮಾಡುವ ಕೆಲಸ, ಮುಗಿದ ಟಿಕೆಟ್‌ಗಳನ್ನು ಈ ದಾರಿಯ ಮೇಲೆ ಜೋಡಿಸುವುದು. ಬೋರ್ಡಿನಲ್ಲಿ ಅವು CANE-205, 208, 212, 219 ಎಂದು ನಿಂತಿರುತ್ತವೆ. ಸ್ಕ್ರಿಪ್ಟಿನಲ್ಲಿ 219 ಮೊದಲು ಬರುತ್ತದೆ, 205 ಕೊನೆಗೆ. ಟಿಕೆಟ್ ಒಂದೊಂದಾಗಿಯೇ ಬರುತ್ತದೆ, ಆದರೆ ನೋಡುವವರಿಗೆ ಒಂದೇ ಗಾಡಿಯ ಹಿಂದೆ ನಡೆದಂತಾಗುತ್ತದೆ. ಒಂದು ತೂಕದ ಫಲಿತಾಂಶವೇ ಮುಂದಿನದಕ್ಕೆ ಮಾಹಿತಿಯಾಗುವುದರಿಂದ ನಡುವೆ ಹೊಸ ಉದಾಹರಣೆ ಹುಡುಕುವ ಪ್ರಮೇಯವೂ ಬರುವುದಿಲ್ಲ.

ಪ್ರತಿ ಟಿಕೆಟ್‌ಗೂ ಸ್ಕ್ರಿಪ್ಟಿನಲ್ಲಿ ಅರ್ಧ ಪುಟ. ಈ ತೊಂದರೆ ಯಾರದು ಎಂದು ಹೇಳುವ ಒಂದು ವಾಕ್ಯ, ತೆರೆಯ ಮೇಲೆ ಒತ್ತುವ ಗುಂಡಿಗಳು ಮತ್ತು ತುಂಬುವ ಅಂಕಿಗಳು ಅದೇ ಕ್ರಮದಲ್ಲಿ, ಆಗ ಕಾಣಬೇಕಾದ ಫಲಿತಾಂಶ, ಮತ್ತು ನಾನು ಅವರಿಗೆ ಕೇಳುವ ಒಂದು ಪ್ರಶ್ನೆ. ಮಾತನ್ನು ಪದಶಃ ಬರೆಯುವುದು ಮೊದಲ ವಾಕ್ಯಕ್ಕೆ ಮತ್ತು ಕೊನೆಯ ಪ್ರಶ್ನೆಗೆ ಮಾತ್ರ. ನಡುವಿನದನ್ನೂ ಬರೆದುಕೊಂಡರೆ ಓದುವ ದನಿ ಬರುತ್ತದೆ, ಕೇಳುವವರು ಮೊಬೈಲ್ ತೆಗೆಯುತ್ತಾರೆ. ಅಂಕಿಗಳನ್ನು ಮಾತ್ರ ತಪ್ಪದೆ ಬರೆಯಲೇಬೇಕು. ಡೆಮೊದ ನಡುವೆ ಯಾವ ಗಾಡಿ, ಎಷ್ಟು ತೂಕ ಎಂದು ಯೋಚಿಸುತ್ತ ನಿಂತರೆ ಸಭೆಯ ಬಿಗಿ ಅಲ್ಲಿಯೇ ಸಡಿಲವಾಗುತ್ತದೆ.

ಇದಕ್ಕೆ CANE-212 ಒಳ್ಳೆಯ ಉದಾಹರಣೆ. ಖಾಲಿ ಗಾಡಿಯ ತೂಕ ಆ ಗಾಡಿಯ ಎಂದಿನ ತೂಕಕ್ಕಿಂತ 200 ಕೆ.ಜಿ.ಗೂ ಹೆಚ್ಚು ಬೇರೆಯಾದರೆ ಎಚ್ಚರಿಸಬೇಕು ಎಂಬುದು ಟಿಕೆಟ್. ಸ್ಕ್ರಿಪ್ಟಿನ ಮೊದಲ ವಾಕ್ಯ ಹೀಗಿತ್ತು: “ಕಾಕಾ, ಟ್ರೇಲರಿನಲ್ಲಿ ಕಬ್ಬು ಪೂರ್ತಿ ಇಳಿಯದೆ ಗಾಡಿ ಖಾಲಿ ತೂಕಕ್ಕೆ ಬಂದರೆ ನಿಮಗೆ ಈಗ ಗೊತ್ತಾಗುವುದು ಕಣ್ಣಳತೆಯಿಂದ, ಇನ್ನು ಮುಂದೆ ತೆರೆಯೇ ಹೇಳುತ್ತದೆ.” ಅನಂತರ ಅಂಕಿಗಳು. ತುಂಬಿದ ತೂಕ 24,860 ಕೆ.ಜಿ. ಖಾಲಿ ತೂಕ 9,120. ಆ ಟ್ರ್ಯಾಕ್ಟರಿನ ಹಿಂದಿನ ಹತ್ತು ಖಾಲಿ ತೂಕಗಳ ಸರಾಸರಿ 7,340. ಎಚ್ಚರಿಕೆಯನ್ನು ಕಡೆಗಣಿಸಿದರೆ ನಿವ್ವಳ 15,740 ಎಂದು ಚೀಟಿ ಬರುತ್ತದೆ; ಕಬ್ಬು ಪೂರ್ತಿ ಇಳಿಸಿ ಮತ್ತೆ ತೂಗಿದರೆ 17,520. ವ್ಯತ್ಯಾಸ 1,780 ಕೆ.ಜಿ., ಅಷ್ಟೂ ರೈತನ ಲೆಕ್ಕದಿಂದ ಹೋಗುತ್ತಿತ್ತು. ಈ ಎರಡು ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದಾಗ ಬೇರೆ ವಿವರಣೆ ಬೇಕಾಗಲಿಲ್ಲ.

ಕೊನೆಯ ಪ್ರಶ್ನೆಯನ್ನು ಸ್ಕ್ರಿಪ್ಟಿನ ಅತಿ ಮುಖ್ಯ ಸಾಲು ಎಂದೇ ನಾನು ಎಣಿಸುತ್ತೇನೆ. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಬರೆದುಕೊಂಡಿದ್ದು, “200 ಕೆ.ಜಿ. ಮಿತಿ ಎಲ್ಲ ಬಗೆಯ ಗಾಡಿಗೂ ಸರಿಹೋಗುತ್ತದೆಯೇ?” ಕಾಕಾ ಕೂಡಲೇ ತಲೆ ಅಲ್ಲಾಡಿಸಿದರು. “ಟ್ರ್ಯಾಕ್ಟರಿಗೆ ಸರಿ. ಮಳೆ ಬಂದ ದಿನ ಗಾಲಿಯ ಕೆಸರೇ ಅಷ್ಟು ತೂಗುತ್ತದೆ, ಆದರೂ ನಡೆಯುತ್ತದೆ. ಎತ್ತಿನ ಗಾಡಿಗೆ 200 ಬಹಳ ಹೆಚ್ಚಾಯಿತು. ಅದರಲ್ಲಿ ಬರುವ ಕಬ್ಬೇ ಎಷ್ಟು?” ಗಾಡಿಯ ಬಗೆಗೆ ತಕ್ಕಂತೆ ಬೇರೆ ಬೇರೆ ಮಿತಿ ಬೇಕು ಎಂಬ ಹೊಸ ಟಿಕೆಟ್ ಅಲ್ಲಿಯೇ ಹುಟ್ಟಿತು. ಸ್ಪ್ರಿಂಟ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ಸ್ಪ್ರಿಂಟ್ ರಿವ್ಯೂವನ್ನು ಕೆಲಸದ ಸಭೆ ಎಂದು ಕರೆಯುತ್ತದೆ, ಬರೀ ಪ್ರದರ್ಶನಕ್ಕೆ ಸೀಮಿತಗೊಳಿಸಬೇಡಿ ಎನ್ನುತ್ತದೆ. ಅದಕ್ಕೇ ಒಂದು ಗಂಟೆಯ ಸಭೆಯಲ್ಲಿ ನಮ್ಮ ಮಾತಿಗೆ ಅರ್ಧದಷ್ಟು ಹೊತ್ತನ್ನೂ ಇಟ್ಟುಕೊಳ್ಳುವುದಿಲ್ಲ. ಒಂದು ಟಿಕೆಟ್‌ಗೆ ತೋರಿಸಲು ಐದು ನಿಮಿಷ ಸಾಕು, ಉಳಿದದ್ದು ಅವರದು.

ಕಣ್ಣಿಗೆ ಕಾಣದ ಕೆಲಸದ ಟಿಕೆಟ್‌ಗೆ ಸ್ಕ್ರಿಪ್ಟ್ ಬರೆಯುವುದು ಹೆಚ್ಚು ಕಷ್ಟ. CANE-219 ಅಂಥದು. ಕಾಟಾದ ಕೋಣೆಯಿಂದ ಸರ್ವರ್‌ಗೆ ಸಂಪರ್ಕ ಕಡಿದರೂ ತೂಕ ನಿಲ್ಲಬಾರದು; ಕಾಟಾದ ಕಂಪ್ಯೂಟರಿನಲ್ಲೇ ಉಳಿದು ಸಂಪರ್ಕ ಬಂದಾಗ ತಾನಾಗಿ ಹೋಗಬೇಕು, ಒಂದೇ ತೂಕ ಎರಡು ಸಲ ದಾಖಲಾಗಬಾರದು. ಇದಕ್ಕಾಗಿ ಪ್ರತಿ ತೂಕಕ್ಕೂ ಕಾಟಾದ ಕಂಪ್ಯೂಟರಿನಲ್ಲಿಯೇ ಒಂದು ಗುರುತು ಸಂಖ್ಯೆ ಕೊಟ್ಟೆವು. ಸರ್ವರ್ ಅದನ್ನು ಮೊದಲೇ ಕಂಡಿದ್ದರೆ ಮತ್ತೆ ಬರೆದುಕೊಳ್ಳುವುದಿಲ್ಲ. ಸಭೆಯಲ್ಲಿ ಇದನ್ನು ಚಿತ್ರ ಬರೆದು ವಿವರಿಸಿದರೆ ಯಾರೂ ಕೇಳುವುದಿಲ್ಲ, ಕೆಡಿಸಿ ತೋರಿಸಬೇಕು.

ಕೆಡಿಸುವುದಕ್ಕೂ ಯೋಚನೆ ಬೇಕು. ಸಾಹೇಬರು ಕಾರ್ಖಾನೆಯಿಂದ ವಿಡಿಯೊ ಕರೆಯಲ್ಲಿ ನೋಡುತ್ತಿರುತ್ತಾರೆ. ನೆಟ್‌ವರ್ಕ್ ಕೇಬಲ್ ಕಿತ್ತರೆ ಸಭೆಯೂ ಅದರ ಜೊತೆಗೇ ಕಡಿದುಹೋಗುತ್ತದೆ. ಆದ್ದರಿಂದ ಪರೀಕ್ಷಾ ಯಂತ್ರದ ಸರ್ವರ್ ಸೇವೆಯನ್ನು ಮಾತ್ರ ನಿಲ್ಲಿಸುತ್ತೇವೆ. ಸ್ಕ್ರಿಪ್ಟಿನಲ್ಲಿ ಈ ಎರಡು ಸಾಲು ಹಾಗೆಯೇ ಇರುತ್ತವೆ:

```
docker compose stop api
docker compose start api
```

ಮೊದಲ ಸಾಲು ಒತ್ತಿದ ಮೇಲೆ ಮೂರು ಗಾಡಿ ತೂಗುತ್ತೇವೆ. ಮೂಲೆಯಲ್ಲಿ “ಕಳುಹಿಸಬೇಕಾದದ್ದು: 3” ಎಂದು ಕಾಣಬೇಕು. ಎರಡನೆಯ ಸಾಲಿನ ನಂತರ ಅದು ಸೊನ್ನೆಗೆ ಇಳಿಯಬೇಕು, ಸಾಹೇಬರ ತೆರೆಯ ಪಟ್ಟಿಯಲ್ಲಿ ಮೂರೇ ಗಾಡಿ ಬರಬೇಕು. ಅನಂತರ ಅದೇ ಮಾಹಿತಿಯನ್ನು ಬೇಕೆಂದೇ ಇನ್ನೊಮ್ಮೆ ಕಳುಹಿಸಿ, ಪಟ್ಟಿ ಮೂರಕ್ಕೇ ನಿಂತಿರುವುದನ್ನು ತೋರಿಸುತ್ತೇವೆ. ಮೇಡಂಗೆ ಬೇಕಾದದ್ದು ಈ ಕೊನೆಯ ಹೆಜ್ಜೆ. ಒಂದೇ ತೂಕಕ್ಕೆ ಎರಡು ಬಿಲ್ಲು ಆಗುವುದೇ ಅವರ ಭಯ. ಡೆಮೊದಲ್ಲಿ ತೂಕ ನಿಜವಾದ ಕಾಟಾದಿಂದ ಬರುವುದಿಲ್ಲ, ಅದರ ಬದಲು ಒಂದು ಅಣಕು ಪ್ರೋಗ್ರಾಂ ಅಂಕಿ ಕೊಡುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಸಾಲೂ ಸ್ಕ್ರಿಪ್ಟಿನಲ್ಲಿ ಇರುತ್ತದೆ. ಹೇಳದೆ ಬಿಟ್ಟರೆ ಕಾಟಾದ ಯಂತ್ರದೊಂದಿಗೆ ಜೋಡಣೆಯೂ ಮುಗಿದಿದೆ ಎಂದು ಅವರು ನಂಬುತ್ತಾರೆ, ಅದು ನ್ಯಾಯವಲ್ಲ.

ಚೀಟಿಯ ಅಚ್ಚಿನ ಟಿಕೆಟ್ CANE-208ರದು ಒಂದು ನಿಮಿಷದ ಕೆಲಸ. ಚೀಟಿ ಅಚ್ಚು ಹಾಕಿ ಕೈಗೆ ಕೊಟ್ಟರೆ ಮುಗಿಯಿತು.

ಬಿಲ್ಲಿನ ಟಿಕೆಟ್ CANE-205ರಲ್ಲಿ ಮಾಹಿತಿಯ ತಯಾರಿಯೇ ದೊಡ್ಡದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಗಡುವು ಹತ್ತಿರವಾದ ಬಿಲ್ಲುಗಳನ್ನು ಹಳದಿಯಲ್ಲಿ, ಮೀರಿದವನ್ನು ಕೆಂಪಿನಲ್ಲಿ ತೋರಿಸುವ ಪಟ್ಟಿ ಅದು. ನಮ್ಮ ಪರೀಕ್ಷಾ ಮಾಹಿತಿ ಹಿಂದಿನ ಹಂಗಾಮಿನದು, ರೈತರ ಹೆಸರು ಮತ್ತು ಖಾತೆ ಸಂಖ್ಯೆ ಬದಲಿಸಿದ ಪ್ರತಿ. ಅದನ್ನು ಹಾಗೆಯೇ ತೆರೆದರೆ ಪಟ್ಟಿ ಪೂರ್ತಿ ಕೆಂಪಾಗುತ್ತದೆ, ಟಿಕೆಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಅದಕ್ಕೆ ಡೆಮೊದ ಬೆಳಿಗ್ಗೆ ಒಂದು ಪುಟ್ಟ ಪ್ರೋಗ್ರಾಂ ಓಡಿಸಿ ದಿನಾಂಕಗಳನ್ನು ಮುಂದಕ್ಕೆ ಸರಿಸುತ್ತೇವೆ: ಒಂದು ಬಿಲ್ಲು 9 ದಿನದ್ದು, ಒಂದು 13, ಒಂದು 15. ಅಭ್ಯಾಸ ಮಾಡಿದ ಮೇಲೆ ಇದೇ ಮಾಹಿತಿಯನ್ನು ಮೊದಲಿನ ಸ್ಥಿತಿಗೆ ತರುವುದೂ ಅಷ್ಟೇ ಅಗತ್ಯ. ಅಭ್ಯಾಸದ ತೂಕಗಳು ಅಲ್ಲೇ ಉಳಿದರೆ 219ರ ಪಟ್ಟಿಯಲ್ಲಿ ಮೂರರ ಬದಲು ಆರು ಗಾಡಿ ಕಾಣುತ್ತವೆ, ತಪ್ಪಾಗಬಾರದೆಂದು ತೋರಿಸಲು ಹೊರಟದ್ದೇ ತಪ್ಪಾದಂತೆ ತೋರುತ್ತದೆ.

ಇನ್ನು ಮುಗಿಯದ ಟಿಕೆಟ್. ರೈತರಿಗೆ ಕನ್ನಡದಲ್ಲಿ ತೂಕದ ಎಸ್‌ಎಂಎಸ್ ಹೋಗಬೇಕೆಂಬ CANE-215 ಆ ಸ್ಪ್ರಿಂಟಿನಲ್ಲಿ ಪೂರ್ಣವಾಗಲಿಲ್ಲ. ಕೋಡ್ ಸಿದ್ಧವಿತ್ತು, ನಮ್ಮ ಮೊಬೈಲ್‌ಗಳಿಗೆ ಸಂದೇಶ ಬರುತ್ತಲೂ ಇತ್ತು. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ, ಇಂಥ ಸಂದೇಶಗಳನ್ನು ನೋಂದಾಯಿಸುವ ಡಿಎಲ್‌ಟಿ ವೇದಿಕೆಯಲ್ಲಿ ಸಂದೇಶದ ಮಾದರಿಗೆ ಅನುಮೋದನೆ ಸಿಗಬೇಕು, ಅದು ಬಂದಿರಲಿಲ್ಲ. ನಮ್ಮ ‘ಮುಗಿದಿದೆ’ ಎಂಬುದರ ವ್ಯಾಖ್ಯೆಯಲ್ಲಿ ಅದೂ ಸೇರಿದೆ, ಮತ್ತು ವ್ಯಾಖ್ಯೆ ಮುಟ್ಟದ ಕೆಲಸವನ್ನು ರಿವ್ಯೂನಲ್ಲಿ ತೋರಿಸಬಾರದು ಎಂದು ಗೈಡ್ ಸ್ಪಷ್ಟವಾಗಿ ಹೇಳುತ್ತದೆ. “ಸುಮ್ಮನೆ ಒಮ್ಮೆ ತೋರಿಸೋಣ” ಎಂದು ತಂಡದ ಹುಡುಗರು ಕೇಳಿದರು, ನಾನು ಒಪ್ಪಲಿಲ್ಲ. ಸಂದೇಶ ಬಂದದ್ದನ್ನು ಒಮ್ಮೆ ಕಂಡರೆ ಮರುದಿನದಿಂದಲೇ ರೈತರಿಗೆ ಬರುತ್ತದೆ ಎಂದು ಸಾಹೇಬರು ಹೊರಗೆ ಮಾತು ಕೊಟ್ಟುಬಿಡುತ್ತಾರೆ.

ಆದರೆ ಮುಚ್ಚಿಡುವುದೂ ಇಲ್ಲ. ಗಾಡಿಯ ದಾರಿಯಲ್ಲಿ ಚೀಟಿಯ ನಂತರ ಎಸ್‌ಎಂಎಸ್ ಬರುವ ಜಾಗದಲ್ಲಿ ಸ್ಕ್ರಿಪ್ಟ್ ಒಂದು ಕ್ಷಣ ನಿಲ್ಲುತ್ತದೆ: “ಇಲ್ಲಿ ರೈತರಿಗೆ ಸಂದೇಶ ಹೋಗಬೇಕು. ಮಾದರಿಯ ಅನುಮೋದನೆ ಬಾಕಿ ಇದೆ, ಹಾಗಾಗಿ ಇವತ್ತು ತೋರಿಸುವುದಿಲ್ಲ. ನಿಮ್ಮಿಂದ ಒಂದು ತೀರ್ಮಾನ ಬೇಕು.” ತೀರ್ಮಾನ ಸಂದೇಶದ ಉದ್ದದ್ದು. ಕನ್ನಡದ ಎಸ್‌ಎಂಎಸ್ ಯೂನಿಕೋಡ್‌ನಲ್ಲಿ ಹೋಗುವುದರಿಂದ ಒಂದು ಸಂದೇಶಕ್ಕೆ 70 ಸಂಕೇತ ಮಾತ್ರ. ಮೀರಿದರೆ ಅದು ತುಂಡಾಗುತ್ತದೆ, ತುಂಡಿಗೆ 67. ನಾವು ಒಂದಕ್ಷರ ಎಂದು ಓದುವ ‘ಕ್ಷಿ’ ಈ ಲೆಕ್ಕದಲ್ಲಿ ನಾಲ್ಕು. ತುಂಬಿದ ತೂಕ, ಖಾಲಿ ತೂಕ, ನಿವ್ವಳ ಮೂರನ್ನೂ ಬರೆದರೆ ಎರಡು ಸಂದೇಶದ ಹಣ ಹೋಗುತ್ತದೆ. ನಿವ್ವಳ ಮಾತ್ರ ಸಾಕೇ ಎಂದು ಕೇಳಿದೆ. ಸಾಹೇಬರು ಮೂರೂ ಇರಲಿ ಎಂದರು. ಬರೀ ನಿವ್ವಳ ಕಳುಹಿಸಿದರೆ ರೈತರು ನಂಬುವುದಿಲ್ಲ, ಮೂರು ಅಂಕಿ ಇದ್ದರೆ ಕಳೆದು ನೋಡಿಕೊಳ್ಳುತ್ತಾರೆ ಎಂಬುದು ಅವರ ಕಾರಣ. ಹಣ ಹೆಚ್ಚಾದೀತು ಎಂದು ಮೇಡಂ ತಕರಾರು ತೆಗೆದರು. ಆ ಚರ್ಚೆಗೆ ನಾನು ಅಡ್ಡಿ ಬರಲಿಲ್ಲ. ಕೊನೆಗೆ ಮೇಡಂ ಒಪ್ಪಿದರು, ಸಂದೇಶದಲ್ಲಿದ್ದ ಕಾರ್ಖಾನೆಯ ಉದ್ದ ಹೆಸರನ್ನು ತೆಗೆದುಹಾಕಲು ತಾವೇ ಹೇಳಿದರು.

ಅವರು ಆಡಿದ ಮಾತನ್ನು ತಂಡದ ಇನ್ನೊಬ್ಬರು ಸ್ಕ್ರಿಪ್ಟಿನ ಅದೇ ಕಡತದಲ್ಲಿ, ಆಯಾ ಟಿಕೆಟ್‌ನ ಪ್ರಶ್ನೆಯ ಕೆಳಗೆ ಬರೆದುಕೊಳ್ಳುತ್ತಾರೆ. ತೋರಿಸುವವರೇ ಬರೆದುಕೊಳ್ಳಲು ಹೋದರೆ ಎರಡೂ ಕೆಡುತ್ತವೆ. ಸಭೆ ಮುಗಿಯುವ ಮೊದಲು ಆ ಸಾಲುಗಳನ್ನು ತೆರೆಯ ಮೇಲೆ ತಂದು ಓದಿ ಹೇಳುತ್ತೇವೆ, ಯಾವುದು ಮುಂದಿನ ಸ್ಪ್ರಿಂಟಿಗೆ, ಯಾವುದು ಹಂಗಾಮು ಶುರುವಾಗುವ ಮೊದಲು ಬೇಕು ಎಂದು ಅವರ ಬಾಯಿಂದಲೇ ಕೇಳುತ್ತೇವೆ. ಆ ದಿನ ಎತ್ತಿನ ಗಾಡಿಯ ಮಿತಿ ಮೊದಲ ಸ್ಥಾನಕ್ಕೆ ಬಂತು. ಎಸ್‌ಎಂಎಸ್‌ನ ಹೊಸ ಮಾದರಿಯನ್ನು ಅನುಮೋದನೆಗೆ ಕಳುಹಿಸುವ ಕೆಲಸವನ್ನು ಮೇಡಂ ತಮ್ಮ ಹೆಸರಿಗೇ ಬರೆಸಿಕೊಂಡರು.