ಒಂದು ಬಾಕ್ಸ್ ಮಾವಿನಹಣ್ಣು, ಎರಡು ವಾರದ ಹದ

ಬಾಕ್ಸ್ ತಂದವರ ಮನೆಯಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು. ಮೊದಲ ನಾಲ್ಕು ದಿನ ಎಲ್ಲವೂ ಕಾಯಿ, ಮಕ್ಕಳು ಸುಮ್ನೆ ಮುಟ್ಟಿ ಮುಟ್ಟಿ ನೋಡುತ್ತಾರೆ. ಐದನೇ ದಿನ ಬೆಳಿಗ್ಗೆ ಎದ್ದರೆ ಮನೆಯೆಲ್ಲ ಘಮ, ಮೂವತ್ತಾರು ಹಣ್ಣೂ ಒಟ್ಟಿಗೆ ಮಾಗಿವೆ. ಎಂಟನೇ ದಿನಕ್ಕೆ ಅರ್ಧ ಕೊಳೆತಿರುತ್ತವೆ. ಇದರಲ್ಲಿ ಹಣ್ಣಿನ ತಪ್ಪಿಲ್ಲ. ಎಲ್ಲವನ್ನೂ ಒಂದೇ ಕಡೆ ಒಟ್ಟಿಗೆ ಮುಚ್ಚಿಟ್ಟದ್ದೇ ತಪ್ಪು. ಬಾಕ್ಸ್ ತಂದ ದಿನವೇ ಒಂದು ಗಂಟೆ ಕೂತು ವಿಂಗಡಿಸಿದರೆ ಅದೇ ಹಣ್ಣು ಹನ್ನೆರಡು ಹದಿಮೂರು ದಿನ ಬರುತ್ತದೆ, ದಿನವೂ ಹದವಾಗಿ ಸಿಗುತ್ತದೆ.

ಮೊದಲು ಕೊಳ್ಳುವ ಮಾತು. ನಾನು ಪೂರ್ತಿ ಹಣ್ಣಾದ ಬಾಕ್ಸ್ ಕೊಳ್ಳುವುದಿಲ್ಲ, ಬಲಿತ ಕಾಯಿಯ ಬಾಕ್ಸ್ ಕೊಳ್ಳುತ್ತೇನೆ. ಮೇಲಿನ ಸಾಲು ನೋಡಿ ಒಪ್ಪಿಕೊಳ್ಳಬೇಡಿ, ಕೆಳಗಿನ ಸಾಲಿನ ನಾಲ್ಕು ಕಾಯಿ ತೆಗೆದು ತೋರಿಸಿ ಎಂದು ಕೇಳಿ. ಬಲಿತ ಕಾಯಿಯ ಗುರುತು ತೊಟ್ಟಿನ ಹತ್ತಿರ ಇರುತ್ತದೆ. ತೊಟ್ಟಿನ ಎರಡೂ ಪಕ್ಕ ಹೆಗಲಿನ ಹಾಗೆ ಉಬ್ಬಿ, ತೊಟ್ಟು ಸ್ವಲ್ಪ ಗುಳಿಯೊಳಗೆ ಕೂತ ಹಾಗೆ ಕಾಣಬೇಕು. ಹೆಗಲು ಜಾರಿದ ಹಾಗಿದ್ದರೆ ಅದು ಎಳೆಕಾಯಿ. ಎಳೆಕಾಯಿಯನ್ನು ಎಷ್ಟು ದಿನ ಇಟ್ಟರೂ ಅದು ಸುಕ್ಕುಗಟ್ಟಿ ಮೆತ್ತಗಾಗುತ್ತದೆಯೇ ಹೊರತು ಸಿಹಿಯಾಗುವುದಿಲ್ಲ. ತೊಟ್ಟಿನ ತುಂಡು ಸ್ವಲ್ಪ ಉಳಿದಿರುವ ಕಾಯಿ ಒಳ್ಳೆಯದು. ತೊಟ್ಟು ಬುಡದಿಂದಲೇ ಕಿತ್ತುಬಂದರೆ ಸೊನೆ ಸಿಪ್ಪೆಯ ಮೇಲೆ ಹರಿದು ಕಪ್ಪು ಗೆರೆ ಮೂಡುತ್ತದೆ, ಕೊಳೆ ಶುರುವಾಗುವುದೂ ಹೆಚ್ಚಾಗಿ ಅಲ್ಲಿಂದಲೇ.

ಬಾಕ್ಸಿನ ಅಷ್ಟೂ ಹಣ್ಣು ಅಚ್ಚು ಹಾಕಿದಂತೆ ಒಂದೇ ಹಳದಿ ಇದ್ದು, ಮೂಗಿನ ಹತ್ತಿರ ತಂದರೆ ವಾಸನೆಯೇ ಇಲ್ಲದಿದ್ದರೆ ನಾನು ಬಿಟ್ಟುಬರುತ್ತೇನೆ. ಅವಸರಕ್ಕೆ ಕಾರ್ಬೈಡ್ ಹಾಕಿ ಬಣ್ಣ ಬರಿಸಿದ ಹಣ್ಣು ಹೀಗಿರುತ್ತದೆ. ಹೊರಗೆ ಹಳದಿ, ಒಳಗೆ ಗೊರಟೆಯ ಹತ್ತಿರ ಬಿಳಿಚಿಕೊಂಡು ಹುಳಿ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುವ ಸಾಧ್ಯತೆ ಇರುವುದರಿಂದ ಅದು ಆರೋಗ್ಯಕ್ಕೂ ಒಳ್ಳೆಯದಲ್ಲ. ಎಥಿಲೀನ್ ಅನಿಲ ಬಿಟ್ಟು ಮಾಗಿಸುವುದು ಬೇರೆ ವಿಷಯ. ಅದು ಹಣ್ಣು ತಾನೇ ಬಿಡುವ ಅನಿಲ, ಅದಕ್ಕೆ ಹೆದರಬೇಕಾಗಿಲ್ಲ.

ಈ ಎಥಿಲೀನ್ ಒಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಮಾವು ಮಾಗಲು ಶುರುವಾದ ಕೂಡಲೇ ಈ ಅನಿಲ ಬಿಡುತ್ತದೆ, ಪಕ್ಕದ ಕಾಯಿ ಅದನ್ನು ಹಿಡಿದು ತಾನೂ ಮಾಗಲು ಶುರು ಮಾಡುತ್ತದೆ. ಹುಲ್ಲಿನಲ್ಲಿ, ಅಕ್ಕಿ ಡಬ್ಬದಲ್ಲಿ, ಕಾಗದದಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುವುದು ಅನಿಲ ಒಳಗೇ ನಿಲ್ಲುವುದರಿಂದ. ಬಿಡಿಬಿಡಿಯಾಗಿ ಗಾಳಿಯಲ್ಲಿ ಇಟ್ಟರೆ ಅನಿಲ ಹಾರಿಹೋಗುತ್ತದೆ, ಮಾಗುವುದು ನಿಧಾನ. ಬೇಗ ಬೇಕಾದದ್ದನ್ನು ಮುಚ್ಚಿ, ತಡವಾಗಿ ಬೇಕಾದದ್ದನ್ನು ಹರಡಿ. ನಾನು ಮಾಡುವ ವಿಂಗಡಣೆಯೆಲ್ಲ ಇದರ ಮೇಲೆಯೇ ನಿಂತಿದೆ.

ಕಳೆದ ಸಲ ನಮ್ಮ ಮನೆಗೆ ಬಂದ ಬಾಕ್ಸನ್ನೇ ಹೇಳುತ್ತೇನೆ. ಆಪೂಸು, ಮೂವತ್ತಾರು ಕಾಯಿ, ಮನೆಯಲ್ಲಿ ಐದು ಜನ. ನೆಲದ ಮೇಲೆ ಹಳೆಯ ಕಾಟನ್ ಸೀರೆ ಹಾಸಿ ಎಲ್ಲವನ್ನೂ ಸುರಿಯದೆ ಒಂದೊಂದಾಗಿ ಇಟ್ಟೆವು. ಮಾವಿಗೆ ಒಂದು ಸಣ್ಣ ಪೆಟ್ಟು ಬಿದ್ದರೂ ಅವತ್ತು ಕಾಣುವುದಿಲ್ಲ, ಮಾಗುವಾಗ ಅದೇ ಜಾಗ ಕಂದುಬಣ್ಣಕ್ಕೆ ತಿರುಗುತ್ತದೆ. ಮೊದಲು ದೋರಗಾಯಿಗಳನ್ನು ತೆಗೆದೆ. ತೊಟ್ಟಿನ ಸುತ್ತ ಸ್ವಲ್ಪ ಹಳದಿ, ಸಣ್ಣಗೆ ಘಮ, ಅಂಗೈಯಲ್ಲಿ ಹಿಡಿದರೆ ಒಂಚೂರು ಮೆದು. ಅವು ಎಂಟು ಸಿಕ್ಕವು. ಹೆಬ್ಬೆರಳಿನಿಂದ ಒತ್ತಿ ನೋಡಬೇಡಿ, ಒತ್ತಿದ ಗುರುತೇ ಆಮೇಲೆ ಕೊಳೆಯುತ್ತದೆ.

ಉಳಿದ ಗಟ್ಟಿ ಕಾಯಿಗಳನ್ನು ಒಂದು ಬಕೆಟ್ ನೀರಿಗೆ ಬಿಟ್ಟೆ. ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಂದು ಮಾತ್ರ ತೇಲಿತು, ಅದು ನೇರ ಅಡುಗೆಮನೆಗೆ ಹುಳಿಗಾಯಿಯಾಗಿ ಹೋಯಿತು. ಇನ್ನೊಂದರ ಪಕ್ಕದಲ್ಲಿ ಸೂಜಿ ಚುಚ್ಚಿದಂಥ ಗುರುತು, ಸುತ್ತ ಮೆತ್ತಗೆ. ಹಣ್ಣಿನ ನೊಣ ಮೊಟ್ಟೆಯಿಟ್ಟ ಜಾಗ ಹಾಗಿರುತ್ತದೆ. ಅದನ್ನು ಎಸೆದೆ. ಪೆಟ್ಟು ತಿಂದ ಅಥವಾ ಹುಳ ಹಿಡಿದ ಒಂದು ಹಣ್ಣು ಗುಂಪಿನಲ್ಲಿ ಉಳಿದರೆ ಅದು ಎಥಿಲೀನನ್ನೂ ಜಾಸ್ತಿ ಬಿಡುತ್ತದೆ, ಕೊಳೆಯನ್ನೂ ಹಂಚುತ್ತದೆ.

ನೀರಿನಿಂದ ತೆಗೆದ ಕಾಯಿಗಳನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತೊಟ್ಟಿನ ಗುಳಿಯಲ್ಲಿ ಒಂದು ಹನಿ ನೀರೂ ನಿಲ್ಲದಂತೆ ಫ್ಯಾನ್ ಕೆಳಗೆ ಅರ್ಧ ಗಂಟೆ ಆರಿಸಿದೆವು. ಇದನ್ನು ತಪ್ಪಿಸಬಾರದು. ತೊಟ್ಟಿನಿಂದ ಶುರುವಾಗಿ ಕೆಳಗಿಳಿಯುವ ಕೊಳೆಗೂ, ಸಿಪ್ಪೆಯ ಮೇಲೆ ಹರಡುವ ಕಪ್ಪು ಚುಕ್ಕೆ ರೋಗಕ್ಕೂ ಕಾರಣವಾದ ಬೂಷ್ಟು ತೋಟದಿಂದಲೇ ಸಿಪ್ಪೆಯಲ್ಲಿ ಅಡಗಿ ಬಂದಿರುತ್ತದೆ. ತೇವ ಸಿಕ್ಕರೆ ಅದಕ್ಕೆ ಹಬ್ಬ.

ಉಳಿದದ್ದು ಇಪ್ಪತ್ತಾರು ಗಟ್ಟಿ ಕಾಯಿ. ಅವನ್ನು ಹದಿಮೂರು ಹದಿಮೂರಾಗಿ ಎರಡು ಪಾಲು ಮಾಡಿದೆ. ಮೊದಲ ಪಾಲನ್ನು ರಟ್ಟಿನ ಡಬ್ಬಿಯಲ್ಲಿ ಒಣಹುಲ್ಲು ಹಾಸಿ, ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ ಒಂದೇ ಸಾಲಿನಲ್ಲಿ ಇಟ್ಟು, ನಡುವೆ ಒಂದು ಮಾಗಿದ ಬಾಳೆಹಣ್ಣು ಇಟ್ಟು, ಮೇಲೆ ಹುಲ್ಲು ಮುಚ್ಚಿದೆ. ಹುಲ್ಲು ಸಿಗದಿದ್ದರೆ ನ್ಯೂಸ್‌ಪೇಪರ್ ಸಾಕು. ಸಾಲು ಎರಡಕ್ಕಿಂತ ಜಾಸ್ತಿ ಬೇಡ, ಕೆಳಗಿನದು ಮೇಲಿನ ಭಾರಕ್ಕೆ ಜಜ್ಜುತ್ತದೆ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡವೇ ಬೇಡ. ಒಳಗೆ ಬೆವರು ಕಟ್ಟಿ, ಗಾಳಿಯಾಡದೆ ಹಣ್ಣು ಹುಳಿತು ಹೆಂಡದ ವಾಸನೆ ಬರುತ್ತದೆ.

ಎರಡನೇ ಪಾಲನ್ನು ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿದೆ, ಮುಚ್ಚಲಿಲ್ಲ. ಬಾಳೆಹಣ್ಣಿನಿಂದ ದೂರ, ಬಿಸಿಲು ಬೀಳದ ಕಡೆ. ಮಾವು ಚೆನ್ನಾಗಿ ಮಾಗುವುದು 20 ರಿಂದ 24 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ. ತುಂಬಾ ಸೆಕೆಯ ಜಾಗದಲ್ಲಿ, ಒಲೆಯ ಪಕ್ಕದ ಮೂಲೆಯಲ್ಲಿ ಇಟ್ಟರೆ ತಿರುಳು ಮೆತ್ತಗಾದರೂ ಸಿಪ್ಪೆಗೆ ಬಣ್ಣ ಸರಿಯಾಗಿ ಬರುವುದಿಲ್ಲ, ರುಚಿಯೂ ಸಪ್ಪೆ.

ಆಮೇಲೆ ನಡೆದದ್ದು ಹೀಗೆ. ಎಂಟು ದೋರಗಾಯಿಗಳು ಮೂರು ದಿನಕ್ಕಾದವು. ಹುಲ್ಲಿನ ಪಾಲು ನಾಲ್ಕನೇ ದಿನಕ್ಕೆ ಘಮ ಬಂತು, ಐದರಿಂದ ತಿನ್ನಲು ತೆಗೆದೆವು. ಹರಡಿದ ಪಾಲು ಎಂಟನೇ ದಿನಕ್ಕೆ ಹಳದಿ ತಿರುಗಿತು. ದಿನಕ್ಕೆ ಎರಡು ಮೂರರಂತೆ ಹದಿಮೂರನೇ ದಿನದವರೆಗೆ ಬಂತು. ದಿನಕ್ಕೊಂದು ಸಲ ಬೆಳಿಗ್ಗೆ ಕೈಯಾಡಿಸಿ ನೋಡುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿದ್ದೆ. ಮೊದಲು ತೊಟ್ಟಿನ ಹತ್ತಿರ ಮೂಸು, ಆಮೇಲೆ ಅಂಗೈಯಲ್ಲಿ ಹಿಡಿ ಎಂದು ಹೇಳಿಕೊಟ್ಟೆ. ಬಣ್ಣವನ್ನು ಪೂರ್ತಿ ನಂಬುವಂತಿಲ್ಲ, ಕೆಲವು ಜಾತಿಯ ಮಾವು ಮಾಗಿದ ಮೇಲೂ ಹಸಿರಾಗಿಯೇ ಇರುತ್ತದೆ. ಕಪ್ಪು ಚುಕ್ಕೆ ಬಂದ ಹಣ್ಣನ್ನು ಅವತ್ತೇ ಪಕ್ಕಕ್ಕೆ ತೆಗೆದು, ಆ ಭಾಗ ಕತ್ತರಿಸಿ ಉಳಿದದ್ದನ್ನು ಅವತ್ತೇ ತಿಂದೆವು.

ಈಗ ಫ್ರಿಜ್ಜಿನ ವಿಷಯ. ಇಲ್ಲಿ ನಾನು ಒಂದು ಸಲ ಪೆಟ್ಟು ತಿಂದಿದ್ದೇನೆ. ವಾರ ಊರಲ್ಲಿ ಇರುವುದಿಲ್ಲ, ಕಾಯಿ ಹಾಳಾಗದಿರಲಿ ಎಂದು ಅರ್ಧ ಬಾಕ್ಸ್ ಕಾಯಿಯನ್ನೇ ಫ್ರಿಜ್ಜಿಗೆ ತುಂಬಿ ಹೋಗಿದ್ದೆ. ಬಂದು ತೆಗೆದಿಟ್ಟರೆ ಹತ್ತು ದಿನವಾದರೂ ಹಣ್ಣಾಗಲಿಲ್ಲ. ಸಿಪ್ಪೆಯ ಮೇಲೆ ಬೂದುಗಂದು ಕಲೆ, ಅಲ್ಲಲ್ಲಿ ಸಣ್ಣ ಗುಳಿ, ಕೊಯ್ದರೆ ಘಮವೂ ಇಲ್ಲ ಸಿಹಿಯೂ ಇಲ್ಲ. ಕಾಯಿ ಮಾವಿಗೆ ಸುಮಾರು 12–13 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ, ಮಾಗುವ ಶಕ್ತಿಯೇ ಕುಂದಿಹೋಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ತಂಪು. ಕೆಟ್ಟ ಮೇಲೆ ಸರಿಮಾಡುವ ದಾರಿಯಿಲ್ಲ. ಆದ್ದರಿಂದ ಕಾಯಿ ಫ್ರಿಜ್ಜಿಗೆ ಬೇಡ. ಪೂರ್ತಿ ಮಾಗಿದ ಮೇಲೆ ಇಡಿ, ಆಗ ನಾಲ್ಕೈದು ದಿನ ತಡೆಯುತ್ತದೆ. ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ, ತಣ್ಣಗಿದ್ದರೆ ಘಮ ಏಳುವುದಿಲ್ಲ.

ತಿನ್ನುವ ಮುಂಚೆ ತೊಟ್ಟಿನ ಕಡೆ ಸ್ವಲ್ಪ ಕತ್ತರಿಸಿ, ಸೊನೆ ಇಳಿಯಲು ಬಿಟ್ಟು, ತೊಳೆಯಿರಿ. ಕೆಲವು ಮಕ್ಕಳಿಗೆ ತುಟಿಯ ಸುತ್ತ ಗುಳ್ಳೆ ಏಳುವುದು ಸೊನೆಯಿಂದಲೇ. ಅಂಥ ಮಕ್ಕಳಿಗೆ ಸಿಪ್ಪೆ ಕಚ್ಚಲು ಬಿಡದೆ ಹೋಳು ಮಾಡಿ ಕೊಡಿ. ಆಪೂಸು ಕೊಯ್ದಾಗ ಕೆಲವೊಮ್ಮೆ ಹೊರಗೆ ಚೆಂದ, ಒಳಗೆ ಬಿಳಿಚಿದ ಸ್ಪಂಜಿನಂಥ ಗಡ್ಡೆ ಸಿಗುತ್ತದೆ. ಅದು ನಾವು ಮಾಗಿಸಿದ್ದರಲ್ಲಿ ಆದ ತಪ್ಪಲ್ಲ, ಮರದಲ್ಲೇ ಆಗುವ ದೋಷ, ಹೊರಗಿನಿಂದ ಗುರುತಿಸಲು ಬರುವುದಿಲ್ಲ. ಆ ಭಾಗ ತೆಗೆದುಹಾಕಿ, ಉಳಿದದ್ದು ಹುಳಿ ವಾಸನೆ ಇಲ್ಲದಿದ್ದರೆ ತಿನ್ನಬಹುದು.

ಇಷ್ಟು ಮಾಡಿದರೂ ಕೊನೆಗೆ ನಾಲ್ಕೈದು ಹಣ್ಣು ಒಟ್ಟಿಗೆ ಮಾಗಿ ಉಳಿಯುವುದುಂಟು. ಅವು ಮುದುಡುವವರೆಗೆ ಕಾಯಬೇಡಿ, ಹದವಾಗಿರುವಾಗಲೇ ತಿರುಳು ತೆಗೆದುಬಿಡಿ. ಒಂದು ಹನಿ ನೀರೂ ಸೇರಿಸದೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಎರಡು ಬಟ್ಟಲಿಗೆ ಒಂದು ಚಮಚ ನಿಂಬೆರಸ ಬೆರೆಸಿದರೆ ಬಣ್ಣ ಕಪ್ಪಾಗುವುದು ಕಡಿಮೆ. ಒಂದು ಸಲಕ್ಕೆ ಬೇಕಾಗುವಷ್ಟನ್ನೇ ಒಂದೊಂದು ಡಬ್ಬಕ್ಕೆ ಹಾಕಿ, ಮೇಲೆ ಒಂದು ಬೆರಳು ಜಾಗ ಬಿಟ್ಟು ಮುಚ್ಚಿ ಫ್ರೀಜರಿಗಿಡಿ. ಹೆಪ್ಪುಗಟ್ಟುವಾಗ ತಿರುಳು ಉಬ್ಬುತ್ತದೆ, ತುಂಬಿಸಿದರೆ ಮುಚ್ಚಳ ಹಾರುತ್ತದೆ. ಹೋಳಾಗಿಯೇ ಬೇಕೆಂದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ ಆಮೇಲೆ ಡಬ್ಬಕ್ಕೆ ಹಾಕಿ, ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ಬಂಡೆಯಾಗುತ್ತದೆ. ಆರು ತಿಂಗಳು ರುಚಿ ಚೆನ್ನಾಗಿ ನಿಲ್ಲುತ್ತದೆ. ಡಬ್ಬದ ಮೇಲೆ ತಾರೀಕು ಬರೆದು ಅಂಟಿಸಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ, ಫ್ರಿಜ್ಜಿನಲ್ಲಿಟ್ಟು ಮಾರನೇ ದಿನಕ್ಕೆ ಮುಗಿಸಿ.