ರಜಾ ಅರ್ಜಿಯಲ್ಲಿ ನಾನು ಕಳೆದುಕೊಂಡ ಮೂರು ದಿನ

ಬ್ಯಾಂಕಿಗೆ ಸೇರಿದ ಹೊಸದು. ಸೋಮವಾರ 9ರಿಂದ ಶುಕ್ರವಾರ 13ರವರೆಗೆ ಪಿಎಲ್, ಅಂದರೆ ಗಳಿಕೆ ರಜೆ ಬೇಕಿತ್ತು. 8 ಭಾನುವಾರ, 14 ಎರಡನೇ ಶನಿವಾರ, 15 ಮತ್ತೆ ಭಾನುವಾರ. ಹೇಗೂ ಎಂಟು ದಿನ ಬರುವುದಿಲ್ಲವಲ್ಲ ಎಂದು ಅರ್ಜಿಯಲ್ಲಿ ‘8ರಿಂದ 15, ಎಂಟು ದಿನ’ ಎಂದು ಬರೆದುಕೊಟ್ಟೆ. ತಿಂಗಳ ಕೊನೆಗೆ ನೋಡಿದರೆ ಖಾತೆಯಲ್ಲಿ ಎಂಟು ರಜೆ ಕಳೆದಿತ್ತು.

ರಜೆ ವಿಭಾಗದ ಮೇಡಂ ಅರ್ಜಿ ತೆಗೆದು ತೋರಿಸಿದರು. “ನೀವು ಬರೆದಷ್ಟೇ ಕಳೆದಿದ್ದೇನೆ ನೋಡಿ. ಈ ಪ್ರಿಫಿಕ್ಸ್, ಸಫಿಕ್ಸ್ ಕಾಲಂ ಯಾಕೆ ಖಾಲಿ ಬಿಟ್ರಿ?”

ಆಮೇಲಿಂದ ನಾನು ತುಂಬುವ ರೀತಿ ಹೀಗೆ. ‘ಇಂದ–ವರೆಗೆ’ ಎಂಬಲ್ಲಿ ಕೆಲಸದ ದಿನಗಳು ಮಾತ್ರ: 9ರಿಂದ 13. ದಿನಗಳ ಸಂಖ್ಯೆ 5, ಅಂಕಿಯಲ್ಲೂ ಅಕ್ಷರದಲ್ಲೂ. ಪ್ರಿಫಿಕ್ಸ್ ಅಂದರೆ ರಜೆಗೆ ಮುಂಚೆ ಅಂಟಿಕೊಂಡ ರಜಾದಿನ, ಇಲ್ಲಿ 8. ಸಫಿಕ್ಸ್ ಅಂದರೆ ನಂತರದ್ದು, 14 ಮತ್ತು 15. ಕೆಲಸಕ್ಕೆ ಮರಳುವ ದಿನ 16. ಇದನ್ನು 14 ಎಂದು ಬರೆದವರೂ ಇದ್ದಾರೆ. ಬೀಗ ಹಾಕಿದ ಬ್ಯಾಂಕಿಗೆ ಯಾರು ಹಾಜರಾಗುತ್ತಾರೆ?

ಹೆಸರು, ಹುದ್ದೆ, ಸಿಬ್ಬಂದಿ ಸಂಖ್ಯೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೆ ರಜೆ ಬೇರೆಯವರ ಖಾತೆಯಲ್ಲಿ ಕಳೆಯುತ್ತದೆ, ಅಷ್ಟೇ. ರಜೆಯ ಬಗೆಯಲ್ಲಿ ಒಂದನ್ನೇ ಗುರುತು ಮಾಡಿ. ಕಾರಣ ಒಂದು ಸಾಲು ಸಾಕು, ‘ಮನೆಯಲ್ಲಿ ಮದುವೆ’ ಎನ್ನುವಷ್ಟು. ‘ರಜೆಯಲ್ಲಿನ ವಿಳಾಸ’ ಎಂಬಲ್ಲಿ ಕಾಯಂ ವಿಳಾಸವಲ್ಲ, ಆ ದಿನಗಳಲ್ಲಿ ನೀವು ನಿಜವಾಗಿ ಇರುವ ಜಾಗ ಮತ್ತು ಫೋನ್. ಊರು ಬಿಡುವುದಾದರೆ ಅದಕ್ಕೆ ಅನುಮತಿ ಕೇಳುವ ಕಾಲಂ ಬೇರೆ ಇರುತ್ತದೆ, ಅಲ್ಲಿ ‘ಹೌದು’ ಎನ್ನಿ. ಬೀಗದ ಕೈ ನಿಮ್ಮ ಬಳಿ ಇದ್ದರೆ ಯಾರಿಗೆ ಒಪ್ಪಿಸುತ್ತೀರಿ ಎಂದು ಬರೆದು, ಅವರ ಸಹಿಯನ್ನೂ ಹಾಕಿಸಿಕೊಳ್ಳಿ.

ಬಾಕಿ ರಜೆಯ ಲೆಕ್ಕ, ಶಿಫಾರಸು, ಮಂಜೂರಾತಿ ಇರುವ ಕೆಳಗಿನ ಭಾಗ ಕಚೇರಿಯದು, ಅಲ್ಲಿ ಪೆನ್ನು ಇಡಬೇಡಿ. ಮೇಲೆ ತಪ್ಪಾದರೆ ಅಂಕಿಯ ಮೇಲೆ ಅಂಕಿ ತಿದ್ದಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ ಹಾಕಿ. ಎರಡು ಕಡೆ ತಪ್ಪಾದರೆ ನಾನಂತೂ ಹೊಸ ಫಾರಂ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಪೇಚು ರಜೆ ಮುಂದುವರಿಸುವಾಗ ಬರುತ್ತದೆ. ಅದೇ ರಜೆಗೆ 16ನೇ ತಾರೀಖನ್ನೂ ಸೇರಿಸಿದಿರಿ ಎನ್ನಿ. ಸಫಿಕ್ಸ್ ಆಗಿದ್ದ 14 ಮತ್ತು 15 ಈಗ ರಜೆಯ ನಡುವೆ ಸಿಕ್ಕಿಬಿದ್ದವು, ಪಿಎಲ್‌ನಲ್ಲಿ ನಡುವಿನ ರಜಾದಿನವೂ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ಕೇಳಿದ್ದಕ್ಕೆ ಮೂರು ಹೋಗಿ, ಐದು ಎಂಟಾಗುತ್ತದೆ. ಸಿಎಲ್, ಅಂದರೆ ಸಾಂದರ್ಭಿಕ ರಜೆಗೆ ಈ ಲೆಕ್ಕ ಇಲ್ಲ, ಆದರೆ ನಮ್ಮಲ್ಲಿ ಪಿಎಲ್ ಜೊತೆ ಅದನ್ನು ಅಂಟಿಸಲು ಬಿಡುವುದಿಲ್ಲ. ಹಾಗಾಗಿ 16ರ ಬೆಳಿಗ್ಗೆ ಬಸ್ ತಡವಾದರೂ ಸರಿ, ನಾನು ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತೇನೆ.