ಲವಂಗದ ಎಣ್ಣೆ ಮತ್ತು ಆ ಬಿಳಿ ನೀರು: ನನ್ನ ಅನುಭವ

ಲವಂಗ ಭಟ್ಟಿ ಇಳಿಸಿದವರಿಗೆಲ್ಲ ಈ ತಲೆನೋವು ಗೊತ್ತು. ಹಬೆ ಚೆನ್ನಾಗಿ ಬರುತ್ತದೆ, ಕಂಡೆನ್ಸರ್ ತುದಿಯಲ್ಲಿ ಘಮಘಮ ವಾಸನೆ, ಆದರೆ ಫ್ಲಾಸ್ಕಿನಲ್ಲಿ ಬೀಳುವುದು ಬರೀ ಬಿಳಿ ನೀರು, ಎಣ್ಣೆ ಸಣ್ಣ ಹನಿಗಳಾಗಿ ಅದರಲ್ಲೇ ಬೆರೆತಿರುತ್ತದೆ. ರಾತ್ರಿಯಿಡೀ ಇಟ್ಟರೂ ತಳದಲ್ಲಿ ನಾಲ್ಕು ಹನಿ. "ಸಣ್ಣ ಸೆಟಪ್‌ನಲ್ಲಿ ಲವಂಗ ಆಗಲ್ಲ, ದೊಡ್ಡ ಬಾಯ್ಲರ್ ಬೇಕು ಕಣ್ರೀ" ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ 200 ಗ್ರಾಂ ಲವಂಗಕ್ಕೆ ಹೆಚ್ಚುಕಡಿಮೆ 20 ಎಂ.ಎಲ್. ಎಣ್ಣೆ ತೆಗೆಯುತ್ತಿದ್ದೇನೆ. ಅದೂ ಐದು ಲೀಟರ್ ಕುಕ್ಕರ್ ಹಬೆಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಮಾಲಿನಿಂದ. ಕಿಲೋಗೆ ಸಾವಿರದ ಆಸುಪಾಸು ಕೊಟ್ಟು ತಂದ ಲವಂಗದಲ್ಲಿ ನಾಲ್ಕು ಎಂ.ಎಲ್. ಕೂಡ ಬರಲಿಲ್ಲ. ಸೆಟಪ್ ಮೇಲೆ ಅನುಮಾನಪಟ್ಟು ಪೈಪು, ಗ್ಯಾಸ್ಕೆಟ್ ಎಲ್ಲ ಬದಲಿಸಿದೆ. ಆಮೇಲೆ ಗೊತ್ತಾಯಿತು, ಅದು ಆಗಲೇ ಎಣ್ಣೆ ತೆಗೆದು ಒಣಗಿಸಿ ಮಾರಿದ ಲವಂಗ. ಈಗ ಕೊಳ್ಳುವ ಮೊದಲು ಒಂದು ಹಿಡಿ ನೀರಿಗೆ ಹಾಕಿ ನೋಡುತ್ತೇನೆ. ಒಳ್ಳೆಯ ಲವಂಗ ಮುಳುಗುತ್ತದೆ, ಇಲ್ಲವೇ ತಲೆ ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತದೆ. ಎಣ್ಣೆ ಹೋದದ್ದು ಅಡ್ಡಡ್ಡ ಮಲಗಿ ತೇಲುತ್ತದೆ. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಲೂ ಬೇಕು. ಈ ಎರಡು ಪರೀಕ್ಷೆ ಪಾಸಾಗದ ಮಾಲಿಗೆ ನಾನು ಗ್ಯಾಸ್ ಸುಡುವುದಿಲ್ಲ.

ಎರಡನೆಯದು ತುಂಬುವ ರೀತಿ. ನನ್ನದು ಸ್ಟೀಲ್ ಡಬ್ಬಿ, ಒಳಗೆ ತೂತಿನ ತಟ್ಟೆ, ಕೆಳಗಿನಿಂದ ಹಬೆ. ಮಾಡಿಸಲು ಎರಡೂವರೆ ಸಾವಿರದಷ್ಟು ಹೋಯಿತು. ನುಣ್ಣಗೆ ಪುಡಿ ಮಾಡಿ ತುಂಬಿದರೆ ಹಬೆ ಒಂದೇ ದಾರಿ ಕೊರೆದುಕೊಂಡು ಮೇಲೆ ಹೋಗುತ್ತದೆ. ಭಟ್ಟಿ ಮುಗಿಸಿ ತೆರೆದಾಗ ಪುಡಿ ಗಟ್ಟಿಯಾಗಿ, ಅರ್ಧ ಭಾಗ ಒಣಗಿಯೇ ಇತ್ತು. ಹಾಗೆ ಗಟ್ಟಿಯಾದರೆ ಹಬೆಯ ದಾರಿ ಕಟ್ಟಿಕೊಂಡು ಕುಕ್ಕರಿನಲ್ಲಿ ಒತ್ತಡ ಏರುವ ಅಪಾಯವೂ ಇದೆ. ಕುಕ್ಕರಿನ ಸೇಫ್ಟಿ ವಾಲ್ವ್ ಯಾವತ್ತೂ ಮುಚ್ಚಬೇಡಿ. ಈಗ ಲವಂಗವನ್ನು ಸುಮ್ನೆ ಒಡೆದಂತೆ ತರಿ ಮಾಡಿ, ಕುದಿಸಿ ಒಣಗಿಸಿದ ಭತ್ತದ ಹೊಟ್ಟು ಬೆರೆಸಿ ಸಡಿಲವಾಗಿ ತುಂಬುತ್ತೇನೆ. ಹೊಟ್ಟು ಎಷ್ಟು, ತರಿ ಎಷ್ಟು ದಪ್ಪ ಎಂಬುದನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ನಿಮ್ಮ ಡಬ್ಬಿಗೆ ನೀವೇ ಹೊಂದಿಸಿಕೊಳ್ಳಿ. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಬೇಡ. ಎಣ್ಣೆ ಕುಡಿದು ಉಬ್ಬುತ್ತದೆ, ಎಣ್ಣೆಗೂ ರಬ್ಬರ್ ವಾಸನೆ ಹಿಡಿಯುತ್ತದೆ. ಟೆಫ್ಲಾನ್ ದುಬಾರಿ, ಆದರೆ ಒಂದೇ ಸಲದ ಖರ್ಚು.

ಇಷ್ಟೆಲ್ಲ ಸರಿಯಾದ ಮೇಲೂ ಬಿಳಿ ನೀರು ಬಿಳಿ ನೀರೇ. ಇಲ್ಲಿಯೇ ಹೆಚ್ಚಿನವರು ಕೈ ಬಿಡುವುದು.

ಲವಂಗದ ಎಣ್ಣೆಯಲ್ಲಿ ಮುಕ್ಕಾಲಿನಷ್ಟು ಯೂಜಿನಾಲ್, ಲವಂಗದ ಘಾಟು ವಾಸನೆ ಅದರದ್ದೇ. ಎಣ್ಣೆಯ ಸಾಂದ್ರತೆ 1.05ರ ಸುತ್ತ, ಅಂದರೆ ನೀರಿಗಿಂತ ಸ್ವಲ್ಪವೇ ಭಾರ. ವ್ಯತ್ಯಾಸ ಇಷ್ಟು ಕಡಿಮೆ ಇರುವುದರಿಂದ ಸಣ್ಣ ಹನಿಗಳು ಮುಳುಗಲು ಅವಸರ ಮಾಡುವುದಿಲ್ಲ. ಕಿತ್ತಳೆ ಸಿಪ್ಪೆ ಭಟ್ಟಿ ಮಾಡಿ ಬಂದವರು ಇಲ್ಲಿ ಥಟ್ಟನೆ ಒಂದು ಹಿಡಿ ಉಪ್ಪು ಹಾಕುತ್ತಾರೆ. ಕಿತ್ತಳೆಗೆ ಅದು ಸರಿ. ಅದರ ಎಣ್ಣೆ 0.84ರಷ್ಟು ಹಗುರ, ಉಪ್ಪು ಹಾಕಿದಷ್ಟೂ ಬೇಗ ಮೇಲೆ ಬರುತ್ತದೆ. ಲವಂಗಕ್ಕೆ ಹಾಗಲ್ಲ. ಲೀಟರ್ ನೀರಿಗೆ 75 ಗ್ರಾಂ ಉಪ್ಪು ಹಾಕಿದರೆ ನೀರಿನ ಸಾಂದ್ರತೆಯೂ 1.05ಕ್ಕೆ ಬಂದು ನಿಲ್ಲುತ್ತದೆ. ಆಗ ಎಣ್ಣೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. ಇದನ್ನು ಬೇಕೆಂದೇ ಮಾಡಿ ನೋಡಿದೆ. ಎರಡು ದಿನ ಇಟ್ಟರೂ ಹನಿಗಳು ನೀರಿನ ನಡುವೆಯೇ ತೂಗಾಡುತ್ತಿದ್ದವು. "ಉಪ್ಪು ಹಾಕಿದೆ, ಆದರೂ ಎಣ್ಣೆ ಬಿಡಲಿಲ್ಲ" ಎನ್ನುವವರ ಕಥೆ ಬಹುಪಾಲು ಇದೇ.

ಹಾಗಾಗಿ ಮೊದಲು ಉಪ್ಪಿಲ್ಲದೆ ಬೇರ್ಪಡಿಸಬೇಕು. ಕಂಡೆನ್ಸರಿಗೆ ಐಸ್ ನೀರು ಬಿಡಬೇಡಿ. ಹಬೆ ಹೊರಗೆ ಹೋಗದಂತೆ ನೋಡಿಕೊಂಡು, ಇಳಿಯುವ ನೀರು ಉಗುರು ಬೆಚ್ಚಗೆ ಇರುವಷ್ಟಕ್ಕೆ ನಲ್ಲಿ ತಿರುಗಿಸಿಡಿ. ಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ ಹನಿಗಳು ಒಂದಕ್ಕೊಂದು ಬೇಗ ಕೂಡುತ್ತವೆ. ಉರಿಯೂ ಸಣ್ಣದಿರಲಿ. ಹಬೆ ರಭಸವಾಗಿ ಬಂದರೆ ಹನಿಗಳು ಇನ್ನೂ ಚೂರಾಗುತ್ತವೆ. ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಆದರೆ ನನಗೆ ಸಾಕು. ಆಮೇಲೆ ತಳದಲ್ಲಿ ಕಾಕ್ ಇರುವ ಸೆಪರೇಟಿಂಗ್ ಫನಲ್‌ಗೆ ಹಾಕಿ ರಾತ್ರಿ ಬಿಡಿ. ಮೇಲ್ಮೈಯಲ್ಲಿ ಒಂದಿಷ್ಟು ಹನಿ ಅಂಟಿಕೊಂಡಂತೆ ತೇಲುತ್ತಿರುತ್ತದೆ. ಅದು ಬೇರೆ ಎಣ್ಣೆಯಲ್ಲ. ಫನಲ್ ಮೆಲ್ಲಗೆ ತಟ್ಟಿದರೆ ಇಳಿಯುತ್ತದೆ. ಕಾಕ್‌ಗೆ ಗ್ರೀಸ್ ಹಚ್ಚಬೇಡಿ, ಅದು ಕರಗಿ ಎಣ್ಣೆಗೆ ಸೇರುತ್ತದೆ.

ಇಷ್ಟಾದಾಗ ನನಗೆ ಸಿಗುತ್ತಿದ್ದದ್ದು 14, 15 ಎಂ.ಎಲ್. ಉಳಿದದ್ದು ನೀರಿನಲ್ಲೇ ಇತ್ತು. ಯೂಜಿನಾಲ್ ಲೀಟರ್ ನೀರಿನಲ್ಲಿ ಎರಡು ಗ್ರಾಂಗಿಂತ ಜಾಸ್ತಿಯೇ ಕರಗುತ್ತದೆ. ಎರಡು ಲೀಟರ್ ನೀರನ್ನು ಚರಂಡಿಗೆ ಚೆಲ್ಲಿದರೆ ಸುಮಾರು ಐದು ಗ್ರಾಂ ಎಣ್ಣೆ ಚೆಲ್ಲಿದ ಹಾಗೆ. ಬರೀ 15 ಎಂ.ಎಲ್. ಬರುವಾಗ ಅದು ಸಣ್ಣ ಲೆಕ್ಕ ಅಲ್ಲ ಅಲ್ವಾ? ಈಗ ನಾನು ಎಣ್ಣೆ ತೆಗೆದ ನೀರನ್ನು ಚೆಲ್ಲುವುದಿಲ್ಲ. ಮುಂದಿನ ಭಟ್ಟಿಗೆ ಕುಕ್ಕರಿನಲ್ಲಿ ಹೊಸ ನೀರಿನ ಬದಲು ಅದನ್ನೇ ಹಾಕುತ್ತೇನೆ. ಕರಗಿದ ಯೂಜಿನಾಲ್ ಹಬೆಯ ಜೊತೆ ಮತ್ತೆ ಹೊರಬರುತ್ತದೆ. ಮೊದಲ ಭಟ್ಟಿಗೆ ಈ ಲಾಭವಿಲ್ಲ, ಎರಡನೆಯದರಿಂದ ಎದ್ದು ಕಾಣುತ್ತದೆ.

ಭಟ್ಟಿ ನಿಲ್ಲಿಸುವ ದಿನ ಕೊನೆಗೆ ಉಳಿದ ನೀರಿಗೆ ಮಾತ್ರ ಉಪ್ಪು. ಆಗ ಜಿಪುಣತನ ಬೇಡ. ಲೀಟರಿಗೆ ಕಾಲು ಕಿಲೋ, ಪೂರ್ತಿ ಕರಗಿಸಿ. ಸಾಂದ್ರತೆ 1.15ರ ಹತ್ತಿರ ಹೋಗುತ್ತದೆ. ಈಗ ಎಣ್ಣೆ ಮುಳುಗುವ ಬದಲು ಮೇಲೆ ಬರುತ್ತದೆ, ಕರಗಿದ್ದರಲ್ಲೂ ಒಂದು ಪಾಲು ಬಿಟ್ಟುಕೊಡುತ್ತದೆ. ಇದನ್ನು ಮೊದಲ ಸಲ ನೋಡಿದ ನನ್ನ ಗೆಳೆಯರು ಎಣ್ಣೆಯಲ್ಲಿ ಏನೋ ಕಲಬೆರಕೆ ಇದೆ ಎಂದರು. ಹನಿ ತೆಗೆದು ಬರೀ ನೀರಿಗೆ ಬಿಟ್ಟು ತೋರಿಸಿದೆ, ಸೀದಾ ತಳಕ್ಕೆ ಹೋಯಿತು. ಈ ಉಪ್ಪು ನೀರನ್ನು ಮಾತ್ರ ಕುಕ್ಕರಿಗೆ ಹಾಕಬೇಡಿ, ಅಲ್ಯೂಮಿನಿಯಂ ತಿಂದುಹೋಗುತ್ತದೆ.

ನಡುವೆ ಲವಂಗದ ತೊಟ್ಟನ್ನೂ ಇಳಿಸಿ ನೋಡಿದೆ. ಬೆಲೆ ತುಂಬಾ ಕಡಿಮೆ, ಎಣ್ಣೆ ನೂರಕ್ಕೆ ಐದರಷ್ಟು ಬಂತು. ವಾಸನೆ ಮೊಗ್ಗಿನದ್ದರಷ್ಟು ದುಂಡಗಿಲ್ಲ, ಸ್ವಲ್ಪ ಒರಟು. ಆದರೆ ರೂಪಾಯಿ ಲೆಕ್ಕದಲ್ಲಿ ಅದೇ ಮುಂದೆ. ಒಳ್ಳೆಯ ತೊಟ್ಟು ಕಾಯಂ ಸಿಗುವುದೇ ಕಷ್ಟ.

ಮೊಗ್ಗಿನ ಲೆಕ್ಕ ಹೀಗೆ: 200 ಗ್ರಾಂಗೆ ಇನ್ನೂರು ರೂಪಾಯಿ, ಗ್ಯಾಸಿಗೆ ನಲವತ್ತು ಐವತ್ತು, 20 ಎಂ.ಎಲ್. ಎಣ್ಣೆ. ಎಂ.ಎಲ್.ಗೆ ಹನ್ನೆರಡು ಹದಿಮೂರು ರೂಪಾಯಿ ಬಿತ್ತು, ನನ್ನ ಕೂಲಿ ಬಿಟ್ಟು. ಅಂಗಡಿ ಬಾಟಲಿಗಿಂತ ಭಾರಿ ಅಗ್ಗವೇನಲ್ಲ. ಆದರೆ ಶುದ್ಧ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. 70 ಪರ್ಸೆಂಟ್ ಆಲ್ಕೋಹಾಲ್ ಎರಡು ಪಾಲು, ಎಣ್ಣೆ ಒಂದು ಪಾಲು ಬೆರೆಸಿದರೆ ತಿಳಿಯಾಗಿ ಕರಗುತ್ತದೆ. ಅಡುಗೆ ಎಣ್ಣೆ ಬೆರೆಸಿದ್ದಾದರೆ ಕದಡುತ್ತದೆ. ತುಂಬುವ ಮೊದಲು ನೀರಿಲ್ಲದ ಸೋಡಿಯಂ ಸಲ್ಫೇಟ್ ಒಂದು ಚಿಟಿಕೆ ಹಾಕಿ ತೇವ ತೆಗೆಯಿರಿ. ಕಂದು ಗಾಜಿನ ಬಾಟಲಿಯೇ ಬೇಕು, ಕೆಲವು ಪ್ಲಾಸ್ಟಿಕ್ಕನ್ನು ಈ ಎಣ್ಣೆ ಮೆತ್ತಗೆ ಮಾಡುತ್ತದೆ. ಕಬ್ಬಿಣ ತಾಗಿದರೆ ಬಣ್ಣ ಕಪ್ಪಾಗುತ್ತದೆ, ಹಾಗಾಗಿ ಹಬೆಯ ದಾರಿಯಲ್ಲಿ ಜಿಐ ಪೈಪಿನ ತುಂಡೂ ಇರದಂತೆ ನೋಡಿಕೊಳ್ಳಿ.